ಬೇರೆಯವರ ಲೆಟರ್‌ಹೆಡ್, ನಮ್ಮ ಪ್ರಿಂಟರ್

ತುಮಕೂರಿನಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಜೆರಾಕ್ಸ್, ಟೈಪಿಂಗ್, ಬಿಲ್ ಬುಕ್, ರಬ್ಬರ್ ಸ್ಟ್ಯಾಂಪ್, ಜೊತೆಗೆ ಪಿಎಫ್ ಅರ್ಜಿ ಹಾಕಿಕೊಡುವ ಕೆಲಸ. ಈ ಕೊನೆಯ ಕೆಲಸ ನನಗೆ ಕಲಿಸಿದ್ದು ಜಾಸ್ತಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ಸಂಜೆ ಇಪ್ಪತ್ತೆರಡರ ಆಸುಪಾಸಿನ ಹುಡುಗ ಬಂದ. ಕೈಯಲ್ಲಿ ಮೊಬೈಲ್, ಅದರಲ್ಲಿ ಒಂದು ಫೋಟೋ. ಬೆಂಗಳೂರಿನ ಯಾವುದೋ ಪ್ರೈವೇಟ್ ಲಿಮಿಟೆಡ್ ಕಂಪನಿ ಅವನ ಗೆಳೆಯನಿಗೆ ಕೊಟ್ಟ ಎಕ್ಸ್‌ಪೀರಿಯನ್ಸ್ ಲೆಟರ್.

"ಅಣ್ಣ, ಇದೇ ಥರ ಮಾಡ್ಕೊಡಿ. ಹೆಸರು ಮಾತ್ರ ನಂದು ಹಾಕಿ. ಕೆಳಗೆ ಈ ರೌಂಡ್ ಸೀಲ್ ಇದೆಯಲ್ಲ, ಅದೂ ಒಂದು ಬೇಕು."

"ನೀನು ಈ ಕಂಪನೀಲಿ ಕೆಲಸ ಮಾಡಿದ್ಯಾ?"

"ಇಲ್ಲ ಅಣ್ಣ. ಆದ್ರೆ ಕೆಲಸ ಗೊತ್ತು."

ಮೊದಲೆಲ್ಲ ಇಂಥವರಿಗೆ ನಾನು ಕೊಡುತ್ತಿದ್ದ ಉತ್ತರವೇ ಬೇರೆ. ಸಿಸ್ಟಮ್ ಕೆಟ್ಟಿದೆ, ಸೀಲ್ ಮೆಷಿನ್‌ನ ಲ್ಯಾಂಪ್ ಹೋಗಿದೆ ಅಂತ ಸಾಗಹಾಕುತ್ತಿದ್ದೆ. ಜಗಳ ಬೇಡ ಅಂತ. ಆದರೆ ಕೆಲವರು ಮರುದಿನ ಮತ್ತೆ ಬರುತ್ತಿದ್ದರು, "ರಿಪೇರಿ ಆಯ್ತಾ ಅಣ್ಣ?" ಅಂತ. ಸುಳ್ಳು ಕಾಗದ ಮಾಡಲ್ಲ ಅಂತ ಹೇಳೋಕೆ ನಾನೇ ಒಂದು ಸುಳ್ಳು ಹೇಳುತ್ತಿದ್ದೆ. ಒಬ್ಬನಂತೂ ಮೂರು ದಿನ ಅಲೆದ. ಆಮೇಲಿಂದ ನೇರವಾಗಿ ಇಲ್ಲ ಅನ್ನುತ್ತೇನೆ, ಕೂರಿಸಿ ಕಾರಣ ಹೇಳುತ್ತೇನೆ.

ಇವನಿಗೂ ಸ್ಟೂಲ್ ಹಾಕಿದೆ. ಫೋಟೋ ದೊಡ್ಡದು ಮಾಡಿ ಇಬ್ಬರೂ ನೋಡಿದೆವು.

ಮೊದಲು ದಿನಾಂಕ. ಗೆಳೆಯ ಕೆಲಸಕ್ಕೆ ಸೇರಿದ್ದು 2021ರಲ್ಲಿ. ಅದೇ ತಾರೀಖು ಇರಲಿ ಅಂದ ಹುಡುಗ. ಅವನ ಐಟಿಐ ಅಂಕಪಟ್ಟಿ ನೋಡಿದರೆ 2020–22. ಅಂದರೆ ತುಮಕೂರಿನಲ್ಲಿ ಕ್ಲಾಸಿಗೆ ಹೋಗುತ್ತಿದ್ದ ಹೊತ್ತಿಗೇ ಬೆಂಗಳೂರಿನಲ್ಲಿ ಡ್ಯೂಟಿ! ಎಂಪ್ಲಾಯಿ ನಂಬರೂ ಗೆಳೆಯನದೇ. ಎರಡು ಕಾಗದ ಪಕ್ಕಪಕ್ಕ ಇಟ್ಟವರಿಗೆ ಇಷ್ಟು ಸಾಕು. "ಹಾಗಾದ್ರೆ ತಾರೀಖು ಬದಲಾಯಿಸೋಣ" ಅಂದ. ನಾನು ಹೇಳಿದೆ, ತಾರೀಖು ತಿದ್ದಬಹುದು ಕಣಪ್ಪ, ಪಿಎಫ್ ತಿದ್ದೋಕಾಗಲ್ಲ.

ಇಲ್ಲೇ ನನ್ನ ಪಿಎಫ್ ಕೆಲಸ ನೆರವಿಗೆ ಬಂತು. ಕಂಪನಿ ಪಿಎಫ್ ಕಟ್ಟಿದ್ದರೆ ಕೆಲಸಗಾರನಿಗೆ ಒಂದು ಯುಎಎನ್ ನಂಬರ್ ಇರುತ್ತದೆ. ಸದಸ್ಯರ ಪೋರ್ಟಲ್‌ನಲ್ಲಿ Service History ಅಂತ ಒತ್ತಿದರೆ ಎಲ್ಲೆಲ್ಲಿ ಕೆಲಸ ಮಾಡಿದ್ದು, ಯಾವತ್ತು ಸೇರಿದ್ದು, ಯಾವತ್ತು ಬಿಟ್ಟಿದ್ದು ಎಲ್ಲ ಸಾಲಾಗಿ ಬರುತ್ತದೆ. ಅದರಲ್ಲಿ ಸೇರಿದ ದಿನ ಹಾಕುವುದು ಕೆಲಸ ಕೊಟ್ಟವರು, ನಾವಲ್ಲ. ಈಗ ಎಷ್ಟೋ ಕಡೆ ಕೆಲಸಕ್ಕೆ ಸೇರುವಾಗ ಯುಎಎನ್ ಕೇಳುತ್ತಾರೆ. ಎರಡು ವರ್ಷ ದೊಡ್ಡ ಕಂಪನಿಯಲ್ಲಿದ್ದೆ ಅನ್ನುವವನ ಹತ್ತಿರ ಆ ನಂಬರೇ ಇಲ್ಲ ಅಂದರೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಿ ಅನ್ನುತ್ತಾರೆ. ಆಮೇಲೆ ಆ ಕಂಪನಿಗೇ ಮೇಲ್ ಹಾಕುತ್ತಾರೆ. ಲೆಟರಿನಲ್ಲಿ ಇರುವ ಫೋನ್ ನಂಬರಿಗೆ ಅಲ್ಲ, ತಾವೇ ಹುಡುಕಿದ ವಿಳಾಸಕ್ಕೆ.

"ಸೀಲ್ ಇರತ್ತಲ್ಲ ಅಣ್ಣ" ಅಂದ. ನಮ್ಮ ಜನಕ್ಕೆ ಸೀಲ್ ಅಂದ್ರೆ ದೇವರ ಮುದ್ರೆ ಇದ್ದಂಗೆ! 2015ರಲ್ಲಿ ಕಂಪನಿ ಕಾಯ್ದೆ ತಿದ್ದಿದ ಮೇಲೆ ಕಂಪನಿಗಳಿಗೆ ಕಾಮನ್ ಸೀಲ್ ಕಡ್ಡಾಯವೂ ಅಲ್ಲ. ಲೆಟರಿನ ಮೇಲೆ ಒತ್ತುವ ರೌಂಡ್ ಸೀಲ್ ನನ್ನಂಥವನು ಅರ್ಧ ಗಂಟೆಯಲ್ಲಿ ಮಾಡುವ ರಬ್ಬರ್ ಸ್ಟ್ಯಾಂಪ್, ಅಷ್ಟೇ. ಬದಲಿಗೆ ಲೆಟರ್‌ಹೆಡ್‌ನಲ್ಲಿ ಸಿಐಎನ್ ಅಂತ 21 ಅಕ್ಷರ-ಅಂಕಿಗಳ ಒಂದು ನಂಬರ್ ಇರಬೇಕು, ಅದು ಕಡ್ಡಾಯ. ಕಂಪನಿ ಯಾವ ರಾಜ್ಯದ್ದು, ಯಾವ ವರ್ಷ ನೋಂದಣಿ ಆಗಿದ್ದು ಅಂತ ಅದರೊಳಗೇ ಇದೆ. ಆ ನಂಬರ್ ಕಾಪಿ ಮಾಡಿದರೂ ಅದು ಕಂಪನಿ ಇದೆ ಅಂತ ಹೇಳುತ್ತದೆಯೇ ಹೊರತು, ನೀನು ಅಲ್ಲಿದ್ದೆ ಅಂತ ಹೇಳಲ್ಲ.

ಇನ್ನು ನನ್ನ ಪಾಡು. "ನೀವು ಬರೀ ಟೈಪ್ ಮಾಡ್ತೀರ ಅಣ್ಣ, ಜವಾಬ್ದಾರಿ ನಂದು" ಅಂದ. ಅಲ್ಲಿ ಕೆಲಸ ಮಾಡಿಲ್ಲ ಅಂತ ಅವನೇ ಹೇಳಿಯಾಗಿದೆ. ಗೊತ್ತಿದ್ದೂ ಮಾಡಿದರೆ ನಾನೂ ಪಾಲುದಾರ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಫೋರ್ಜರಿಗೆ 336ನೇ ಸೆಕ್ಷನ್. ಮೋಸ ಮಾಡೋಕೆ ಅಂತಲೇ ಮಾಡಿದ್ದಾದರೆ ಏಳು ವರ್ಷದವರೆಗೆ ಜೈಲು. ಅಂಥ ಕಾಗದವನ್ನು ಅಸಲಿ ಅಂತ ಕೊಡುವವನಿಗೆ 340. ಸೀಲ್ ಮಾಡುವ ನಮ್ಮಂಥವರು ನೆನಪಿಡಬೇಕಾದ್ದು 341. ಫೋರ್ಜರಿಗೆ ಅಂತ ನಕಲಿ ಸೀಲ್ ಮಾಡುವುದು ಮಾತ್ರ ಅಲ್ಲ, ಆ ಉದ್ದೇಶಕ್ಕೆ ಇಟ್ಟುಕೊಳ್ಳುವುದೂ ಅಪರಾಧ. ಅದಕ್ಕೇ ನನ್ನ ಅಂಗಡಿಯಲ್ಲಿ ಸೀಲಿಗೆ ಒಂದು ರಿಜಿಸ್ಟರ್ ಇದೆ. ಯಾರು ಬಂದರು, ಯಾವ ಸಂಸ್ಥೆಗೆ, ಐಡಿ ಜೆರಾಕ್ಸ್, ಸಂಸ್ಥೆಯವರ ಪತ್ರ. ಇದ್ಯಾವುದೂ ಇಲ್ಲದೆ ಬಂದವರಿಗೆ ಪರಿಚಯದವರಾದರೂ ಸೀಲ್ ಇಲ್ಲ. ಇದರಿಂದ ಒಂದಿಬ್ಬರು ನೆಂಟರು ಮುನಿಸಿಕೊಂಡಿದ್ದಾರೆ, ಇರಲಿ.

ಹುಡುಗ ತಲೆ ತಗ್ಗಿಸಿ ಕೂತ. ಆಗ ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. "ಕೆಲಸ ಗೊತ್ತು ಅಂದೆಯಲ್ಲ, ಎಲ್ಲಿ ಕಲಿತೆ?"

ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಲೇತ್ ವರ್ಕ್‌ಶಾಪ್. ಐಟಿಐ ಮುಗಿಸಿದ ಮೇಲೆ ಅಲ್ಲೇ ಒಂದೂಮುಕ್ಕಾಲು ವರ್ಷ. ಟರ್ನಿಂಗ್, ಥ್ರೆಡ್ಡಿಂಗ್ ಮಾಡುತ್ತಾನೆ, ಡ್ರಾಯಿಂಗ್ ಓದುತ್ತಾನೆ, ಮೈಕ್ರೋಮೀಟರ್ ಹಿಡಿಯೋಕೆ ಬರುತ್ತದೆ. ನಿಜವಾದ ಅನುಭವ ಇಟ್ಟುಕೊಂಡು ಸುಳ್ಳು ಲೆಟರಿಗೆ ಬಂದಿದ್ದಾನೆ ನೋಡಿ!

"ಅಲ್ಲಿಂದಾನೇ ಬರೆಸ್ಕೊಂಡು ಬಾ."

"ಯಜಮಾನ್ರು ಕೊಡಲ್ಲ ಅಣ್ಣ. ಕಾಗದ ಕೊಟ್ರೆ ನಾಳೆ ಪಿಎಫ್ ಕೇಳ್ತೀರ ಅಂತಾರೆ."

ಫೋನ್ ಹಾಕಿಸಿದೆ. ಯಜಮಾನರು ಮೊದಲು ಗುರ್ ಅಂದರು. ನಿಮ್ಮಲ್ಲಿ ಎಷ್ಟು ಜನ ಸರ್ ಅಂತ ಕೇಳಿದೆ. ಆರು ಜನ. ಪಿಎಫ್ ಕಡ್ಡಾಯ ಆಗುವುದು 20 ಜನ ಆದಾಗ, ಇಎಸ್‌ಐ 10 ಜನಕ್ಕೆ. ಆರು ಜನದ ವರ್ಕ್‌ಶಾಪಿನಲ್ಲಿ ಹುಡುಗ ಇಂಥ ದಿನದಿಂದ ಇಂಥ ದಿನದವರೆಗೆ ಕೆಲಸ ಮಾಡಿದ ಅಂತ ನಿಜ ಬರೆದುಕೊಟ್ಟರೆ ಮೈಮೇಲೆ ಬರುವಂಥದ್ದೇನೂ ಇಲ್ಲ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ದು ಲೆಟರ್‌ಹೆಡ್ಡೇ ಇಲ್ವಲ್ಲ" ಅಂದರು. ಅಸಲಿ ತೊಂದರೆ ಅದು.

ಮರುದಿನ ಯಜಮಾನರೇ ಬಂದರು. ಲೆಟರ್‌ಹೆಡ್ ಮಾಡಿದೆ. ಒಬ್ಬರೇ ಮಾಲೀಕರ ವರ್ಕ್‌ಶಾಪ್ ಆದ್ದರಿಂದ ಸಿಐಎನ್ ಇರುವುದಿಲ್ಲ. ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ಉದ್ಯಮ್ ನೋಂದಣಿ ನಂಬರ್, ಅವರ ಮೊಬೈಲ್. ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಯಾವ ಮೆಷಿನ್, ಯಾವ ಕೆಲಸ. "ಒಳ್ಳೆಯ ನಡತೆ, ಪರಿಶ್ರಮಿ" ಅಂತ ಎರಡು ಸಾಲು ಹಾಕಲು ಹೊರಟಿದ್ದೆ. ಯಜಮಾನರು ತಡೆದು, "ಅದು ಬೇಡ, ಪೀಸ್ ರಿಜೆಕ್ಷನ್ ಕಮ್ಮಿ ಅಂತ ಬರೀರಿ, ಅದು ನಿಜ" ಅಂದರು. ಅದನ್ನೇ ಬರೆದೆ. ಎರಡು ವರ್ಷ ಅಂತ ಹಾಕಿಸಿ ಅಂತ ಹುಡುಗ ಮೆಲ್ಲಗೆ ಕೇಳಿದ. ಯಜಮಾನರು ಹಾಜರಿ ಪುಸ್ತಕ ತೆಗೆದು ತೋರಿಸಿದರು. 21 ತಿಂಗಳು ಅಂತಲೇ ಹೋಯಿತು.

ಸೀಲ್ ಕೂಡ ಬೇಕು ಅಂದರು. ಚೌಕದ್ದು ಸಾಕು ಸರ್, ಅಗ್ಗ ಅಂದೆ. ಇಲ್ಲ, ರೌಂಡೇ ಇರಲಿ ಅಂತ ಹಟ ಹಿಡಿದರು. ರಿಜಿಸ್ಟರಿನಲ್ಲಿ ಅವರ ಕೈಯಲ್ಲೇ ಸಹಿ ಹಾಕಿಸಿಕೊಂಡು ಮಾಡಿಕೊಟ್ಟೆ.