‘ಚರಂಡಿ ಯಾಕೆ ನಿಂತಿದೆ?’ ಅಂತ ಕೇಳಿದರೆ ದಾಖಲೆ ಸಿಗೋದಿಲ್ಲ

14 ಜೂನ್ 2025, ಶನಿವಾರ

ಎರಡನೇ ಶನಿವಾರ, ಕಚೇರಿಗಳಿಗೆ ರಜೆ. ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದುಕೊಡುವ ನಮ್ಮಂಥವರಿಗೆ ಕೂತು ಮಾತಾಡಲು ಸಿಗುವ ದಿನ ಇದೇ. ಬೆಳಿಗ್ಗೆ ಪಕ್ಕದ ಊರಿನ ಅಕ್ಕ ಒಬ್ಬರು ನೋಟ್‌ಬುಕ್ಕಿನ ಮೂರು ಹಾಳೆ ತುಂಬ ಬರೆದುಕೊಂಡು ಮನೆಗೇ ಬಂದರು. ಅವರ ಬೀದಿಯ ಚರಂಡಿ ಅರ್ಧಕ್ಕೆ ನಿಂತಿದೆ. ಮಳೆ ಬಂದರೆ ಕೊಳಚೆ ನೀರು ಅಂಗಳಕ್ಕೆ ನುಗ್ಗುತ್ತದೆ. ಕಾಮಗಾರಿ ಮುಗಿದು ಬಿಲ್ಲೂ ಪಾಸಾಗಿದೆ ಅಂತ ಯಾರೋ ಹೇಳಿದ್ದಾರೆ.

“ಅಣ್ಣ, ಇದನ್ನೇ ಮಾಹಿತಿ ಹಕ್ಕಿನಲ್ಲಿ ಹಾಕಿಕೊಡಿ” ಅಂದರು.

ಹಾಳೆಯಲ್ಲಿ ಇದ್ದದ್ದು ಹೀಗೆ: ‘ಚರಂಡಿ ಯಾಕೆ ಅರ್ಧಕ್ಕೆ ನಿಂತಿದೆ? ದುಡ್ಡು ಯಾರು ತಿಂದರು? ಕಳಪೆ ಕೆಲಸ ಮಾಡಿದವರ ಮೇಲೆ ಏನು ಕ್ರಮ ತಗೊಂಡಿದ್ದೀರಿ? ಸಂಪೂರ್ಣ ಮಾಹಿತಿ ಕೊಡಿ, ಬೇಗ ಚರಂಡಿ ಮುಗಿಸಿಕೊಡಿ.’ ಉಳಿದದ್ದೆಲ್ಲ ಅವರು ಪಟ್ಟ ಕಷ್ಟ.

ಒಂದು ಮಾತೂ ಸುಳ್ಳಲ್ಲ. ಆದರೂ ಇದನ್ನು ಹೀಗೇ ಕೊಟ್ಟರೆ ಬರುವ ಉತ್ತರ ನನಗೆ ಗೊತ್ತು: ‘ತಾವು ಕೇಳಿರುವುದು ಪ್ರಶ್ನೆ ರೂಪದಲ್ಲಿದ್ದು, ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ.’ ಕಾನೂನಿನಲ್ಲಿ ಅದಕ್ಕೆ ಆಧಾರವೂ ಇದೆ. 2005ರ ಅಧಿನಿಯಮದಲ್ಲಿ ಮಾಹಿತಿ ಅಂದರೆ ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ, ಆದೇಶ, ವರದಿ, ಕರಾರು ಇಂಥವು. ಇಲ್ಲದ್ದನ್ನು ಹೊಸದಾಗಿ ತಯಾರಿಸಿ ಕೊಡಬೇಕಾಗಿಲ್ಲ, ಕಾರಣ ಹುಡುಕಿ ವಿವರಿಸಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 2011ರಲ್ಲಿ ಹೇಳಿದೆ. ಆದ್ದರಿಂದ ಒಂದೊಂದು ಪ್ರಶ್ನೆಗೂ ಅದರ ಉತ್ತರ ಯಾವ ಕಾಗದದಲ್ಲಿ ಕೂತಿದೆ ಅಂತ ಹುಡುಕಬೇಕು. ಅರ್ಜಿ ಬರೆಯುವವರ ನಿಜವಾದ ಕೆಲಸ ಅದೇ. ಭಾಷೆ ತಿದ್ದುವುದು ಆಮೇಲೆ.

ಯಾಕೆ ಅರ್ಧಕ್ಕೆ ನಿಂತಿದೆ? ಇದಕ್ಕೆ ಎರಡು ಕಾಗದ ಬೇಕು. ಒಂದು, ಎಂಜಿನಿಯರ್ ಮಾಡಿದ ಅಂದಾಜು ಪಟ್ಟಿ. ಚರಂಡಿ ಎಷ್ಟು ಉದ್ದ, ಎಷ್ಟು ಅಗಲ, ಕಾಂಕ್ರೀಟ್ ಎಷ್ಟು ದಪ್ಪ ಅನ್ನುವುದು ಅದರಲ್ಲಿರುತ್ತದೆ. ಇನ್ನೊಂದು, ಅಳತೆ ಪುಸ್ತಕ, ಎಲ್ಲರೂ ಎಂ.ಬಿ. ಅನ್ನುವುದು ಅದನ್ನೇ. ಕೆಲಸ ಆದ ಮೇಲೆ ಅಳೆದು ಬರೆಯುವುದು ಅದರಲ್ಲಿ, ಬಿಲ್ ಆಗುವುದು ಅದರ ಮೇಲೆ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು, ಟೇಪ್ ಹಿಡಿದು ಬೀದಿಯಲ್ಲಿ ಒಂದು ಸಲ ಅಳೆದರೆ ಸಾಕು. ಎಂ.ಬಿ.ಯಲ್ಲಿ 120 ಮೀಟರ್ ಅಂತಿದ್ದು ಬೀದಿಯಲ್ಲಿ 60 ಇದ್ದರೆ, ಬೇರೆ ಪ್ರಶ್ನೆ ಕೇಳುವ ಅಗತ್ಯವೇ ಇರುವುದಿಲ್ಲ, ಅಲ್ವಾ?

ದುಡ್ಡಿನ ಪ್ರಶ್ನೆಗೆ ಬಿಲ್ ಮತ್ತು ಪಾವತಿ ವೋಚರ್. ಕಳಪೆ ಅನ್ನುವುದಕ್ಕೆ ಗುಣಮಟ್ಟ ಪರೀಕ್ಷಾ ವರದಿ. ಕ್ರಮದ ಪ್ರಶ್ನೆಗೆ ಅಕ್ಕನ ಹತ್ತಿರವೇ ಒಂದು ಎಳೆ ಇತ್ತು. ಹೋದ ವರ್ಷ ಬೀದಿಯವರೆಲ್ಲ ಸೇರಿ ದೂರು ಕೊಟ್ಟಿದ್ದರಂತೆ, ಸ್ವೀಕೃತಿ ಜೋಪಾನವಾಗಿ ಇಟ್ಟಿದ್ದಾರೆ. ಹಾಗಾದರೆ ಆ ದೂರಿನ ಕಡತದ ಟಿಪ್ಪಣಿ ಹಾಳೆ ಕೇಳಬಹುದು. ಯಾರ ಮೇಜಿನ ಮೇಲೆ ಎಷ್ಟು ದಿನ ಇತ್ತು, ಯಾರು ಏನು ಬರೆದರು ಎಲ್ಲ ಅದರಲ್ಲಿ ಕಾಣುತ್ತದೆ.

ಅದನ್ನು ಬೇರೆ ಅರ್ಜಿಯಲ್ಲಿ ಹಾಕೋಣ ಅಂದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಎರಡು ವಿಷಯ ಬೆರೆಸಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು ಕೈತೊಳೆದುಕೊಳ್ಳಬಹುದು. ‘ಬೇಗ ಮುಗಿಸಿಕೊಡಿ’ ಅನ್ನುವುದಂತೂ ಬೇಡಿಕೆ, ಅದಕ್ಕೆ ಪ್ರತ್ಯೇಕ ಮನವಿ ಪತ್ರ. ಕಷ್ಟದ ಕಥೆಯೂ ಅಲ್ಲಿಗೇ ಹೋಗಲಿ. ಮಾಹಿತಿ ಯಾಕೆ ಬೇಕು ಅಂತ ಹೇಳಬೇಕಾಗಿಲ್ಲ ಎಂದು ಕಲಂ 6(2) ಸ್ಪಷ್ಟವಾಗಿ ಹೇಳುತ್ತದೆ.

ಅಕ್ಕನಿಗೆ ಸ್ವಲ್ಪ ಬೇಜಾರಾಯಿತು. “ಅಷ್ಟೆಲ್ಲ ಅನುಭವಿಸಿದ್ದು ಬರೆಯೋದೇ ಬೇಡ್ವಾ ಅಣ್ಣ?” ಅಂದರು. ಮನವಿಯಲ್ಲಿ ಒಂದಕ್ಷರ ಬಿಡದೆ ಬರೀತೀನಿ ಅಂದೆ. ಹಾಗೇ ಬರೆದೆ ಕೂಡ.

ಇಷ್ಟಾದ ಮೇಲೂ ತೊಡಕಿತ್ತು. ಕಾಮಗಾರಿಯ ಹೆಸರು, ಯೋಜನೆ ಯಾವುದೂ ಅವರಿಗೆ ಗೊತ್ತಿಲ್ಲ. ನಾಮಫಲಕವನ್ನೂ ಹಾಕಿಲ್ಲ. ಇಂಥ ಕಡೆ ಹಲವರು ‘ನಮ್ಮ ಊರಿನ ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ’ ಅಂತ ಬರೆದುಬಿಡುತ್ತಾರೆ. ಆಗ ಸಾವಿರಾರು ಪುಟಕ್ಕೆ ದುಡ್ಡು ಕಟ್ಟಿ ಅಂತ ಪತ್ರ ಬರುತ್ತದೆ, ಇಲ್ಲವೇ ‘ಕೋರಿಕೆ ನಿರ್ದಿಷ್ಟವಾಗಿಲ್ಲ’ ಅನ್ನುತ್ತಾರೆ. ಹೆಸರು ಗೊತ್ತಿಲ್ಲದಿದ್ದರೆ ಜಾಗ ಮತ್ತು ಅವಧಿ ಕೊಟ್ಟು ಕಟ್ಟಿಹಾಕಬೇಕು. ಎಲ್ಲಿಂದ ಎಲ್ಲಿವರೆಗೆ ಅಂತ ಕೇಳಿದೆ. ಮಾರಮ್ಮನ ಗುಡಿಯಿಂದ ಹಾಲಿನ ಡೈರಿವರೆಗೆ ಅಂದರು. ಕೆಲಸ ಶುರುವಾಗಿದ್ದು ಹಿಂದಿನ ವರ್ಷದ ದಸರಾ ಆದ ಮೇಲೆ. ಸಾಕು.

ಕೊನೆಗೆ ನಮೂನೆ ‘ಎ’ಯಲ್ಲಿ ಬರೆದದ್ದು ಇಷ್ಟು:

‘ಗೆ, ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಗ್ರಾಮ ಪಂಚಾಯಿತಿ ಕಾರ್ಯಾಲಯ.

ನಮ್ಮ ಗ್ರಾಮದ ಮೇಲಿನ ಬೀದಿಯಲ್ಲಿ ಮಾರಮ್ಮನ ದೇವಸ್ಥಾನದಿಂದ ಹಾಲಿನ ಡೈರಿವರೆಗೆ, 01-04-2023ರಿಂದ 31-03-2025ರ ಅವಧಿಯಲ್ಲಿ ಯಾವುದೇ ಯೋಜನೆಯಡಿ ಕೈಗೊಂಡ ಚರಂಡಿ ಕಾಮಗಾರಿಗೆ ಸಂಬಂಧಿಸಿದ ಈ ಕೆಳಗಿನ ದಾಖಲೆಗಳ ದೃಢೀಕೃತ ನಕಲುಗಳನ್ನು ನೀಡಲು ಕೋರುತ್ತೇನೆ.

1. ಅಂದಾಜು ಪಟ್ಟಿ ಮತ್ತು ಕಾರ್ಯಾದೇಶ
2. ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು
3. ಪಾವತಿಸಿದ ಬಿಲ್ಲುಗಳು ಮತ್ತು ವೋಚರುಗಳು
4. ಗುಣಮಟ್ಟ ಪರೀಕ್ಷಾ ವರದಿ

ಯಾವುದೇ ದಾಖಲೆ ಲಭ್ಯವಿಲ್ಲದಿದ್ದಲ್ಲಿ ಲಭ್ಯವಿಲ್ಲವೆಂದು ಲಿಖಿತವಾಗಿ ತಿಳಿಸಲು, ದಾಖಲೆಗಳು ಬೇರೆ ಪ್ರಾಧಿಕಾರದಲ್ಲಿದ್ದಲ್ಲಿ ಕಲಂ 6(3)ರಂತೆ ಈ ಅರ್ಜಿಯನ್ನು ವರ್ಗಾಯಿಸಲು ಕೋರುತ್ತೇನೆ.’

ಕೊನೆಯ ವಾಕ್ಯವನ್ನು ಸುಮ್ನೆ ಸೇರಿಸಿದ್ದಲ್ಲ. ಪರೀಕ್ಷೆ ಮಾಡಿಸಿಯೇ ಇಲ್ಲದಿದ್ದರೆ ‘ಲಭ್ಯವಿಲ್ಲ’ ಅನ್ನುವ ಸಹಿ ಹಾಕಿದ ಪತ್ರ ಸಿಗುತ್ತದೆ. ಮುಂದೆ ದೂರು ಕೊಡುವಾಗ ಅದೇ ಗಟ್ಟಿ ಸಾಕ್ಷಿ. ಇನ್ನು ಚರಂಡಿ ಮಾಡಿಸಿದ್ದು ಪಂಚಾಯಿತಿಯೇ ಅಲ್ಲದೆ ಬೇರೆ ಎಂಜಿನಿಯರಿಂಗ್ ವಿಭಾಗವಾಗಿರಬಹುದು. ಆಗ ಅರ್ಜಿ ವಾಪಸ್ ಕೊಡುವಂತಿಲ್ಲ, ಐದು ದಿನದೊಳಗೆ ಅಲ್ಲಿಗೆ ಕಳಿಸಿ ಅರ್ಜಿದಾರರಿಗೂ ತಿಳಿಸಬೇಕು. ವಿಳಾಸದಲ್ಲಿ ಪಿಡಿಒ ಅವರ ಹೆಸರು ಬೇಡ ಅಂದೆ. ಇವತ್ತು ಇದ್ದವರಿಗೆ ನಾಳೆ ವರ್ಗಾವಣೆ ಆಗಬಹುದು, ಹುದ್ದೆ ಅಲ್ಲೇ ಇರುತ್ತದೆ.

ಶುಲ್ಕಕ್ಕೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಅದರ ನಂಬರನ್ನು ಅರ್ಜಿಯಲ್ಲೇ ಬರೆದುಬಿಟ್ಟರೆ ಶುಲ್ಕ ಬಂದಿಲ್ಲ ಅನ್ನುವ ಮಾತು ಬರುವುದಿಲ್ಲ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ, ಆದರೆ ಕಾರ್ಡಿನ ನಕಲು ಲಗತ್ತಿಸಬೇಕು. ಅಕ್ಕನದು ಬಿಪಿಎಲ್ ಕಾರ್ಡೇ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳದೆ ಬರಬೇಡಿ ಅಂತ ಎರಡು ಸಲ ಹೇಳಿ ಕಳಿಸಿದೆ.

ಆ ತಾರೀಕಿನಿಂದ 30 ದಿನ ಎಣಿಸಬೇಕು. ಬೇರೆಯವರಿಗಾದರೆ ಎ4 ಅಳತೆಯ ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿ ಅಂತ ಪತ್ರ ಬರುತ್ತದೆ. ಪತ್ರ ಕಳಿಸಿದ ದಿನದಿಂದ ದುಡ್ಡು ಕಟ್ಟುವವರೆಗಿನ ದಿನ ಈ 30ರಲ್ಲಿ ಸೇರುವುದಿಲ್ಲ, ಹಾಗಾಗಿ ತಡ ಮಾಡಬಾರದು. ಅವಧಿ ದಾಟಿದರೆ ಯಾರಿಗೇ ಆದರೂ ನಕಲು ಉಚಿತವಾಗಿ ಕೊಡಬೇಕು. ಏನೂ ಬರದಿದ್ದರೆ ಮುಂದಿನ 30 ದಿನದೊಳಗೆ ಪ್ರಥಮ ಮೇಲ್ಮನವಿ. ಅದರಲ್ಲೂ ಚರಂಡಿಯ ಜಗಳ ಬೇಡ. ಇಂಥ ದಿನ ಅರ್ಜಿ ಕೊಟ್ಟೆ, ಇಂಥ ದಿನಕ್ಕೆ ಅವಧಿ ಮುಗಿಯಿತು, ದಾಖಲೆ ಕೊಟ್ಟಿಲ್ಲ, ಕೊಡಿಸಿ. ನಾಲ್ಕು ಸಾಲು, ಜೊತೆಗೆ ಸೀಲು ಬಿದ್ದ ಪ್ರತಿಯ ಜೆರಾಕ್ಸ್.