ಫಾರ್ಮಿನಲ್ಲಿ ‘ಇಲ್ಲ’, ರೆಕಾರ್ಡಿಂಗ್‌ನಲ್ಲಿ ‘ಪಫ್’

ನಾನು ಆರೋಗ್ಯ ವಿಮೆ ಕಂಪನಿಯೊಂದರ ಕ್ಲೇಮ್ಸ್ ವಿಭಾಗದಲ್ಲಿದ್ದೇನೆ. ಅದಕ್ಕೂ ಮೊದಲು ಅಂಡರ್‌ರೈಟಿಂಗ್‌ನಲ್ಲಿ, ಅಂದರೆ ಅರ್ಜಿ ನೋಡಿ ಪಾಲಿಸಿ ಕೊಡಬೇಕೇ ಎಂದು ತೀರ್ಮಾನಿಸುವ ವಿಭಾಗದಲ್ಲಿದ್ದೆ. ದಿನಕ್ಕೆ ನೂರಾರು ಫೈಲ್ ಕಣ್ಣ ಮುಂದೆ ಹಾದು ಹೋಗುತ್ತವೆ. ಆದರೆ ಒಂದು ಪ್ರೀ-ಆಥ್, ಅಂದರೆ ಖರ್ಚಿಗೆ ಮುಂಚಿತವಾಗಿ ಒಪ್ಪಿಗೆ ಕೇಳಿ ಆಸ್ಪತ್ರೆ ಕಳಿಸುವ ಕೋರಿಕೆ, ಇನ್ನೂ ಚುಚ್ಚುತ್ತಿದೆ.

ಆರು ವರ್ಷದ ಹುಡುಗಿ. ಉಸಿರಾಡಲು ತೀರಾ ಕಷ್ಟವಾಗಿ ಅಡ್ಮಿಟ್ ಆಗಿದ್ದಳು. ಆಸ್ಪತ್ರೆಯ ಟಿಪ್ಪಣಿಯಲ್ಲಿ ‘ಆಸ್ತಮಾ, ಎರಡು ವರ್ಷದಿಂದ ಬುಡೆಸೊನೈಡ್ ಇನ್‌ಹೇಲರ್’ ಎಂದಿತ್ತು. ಪಾಲಿಸಿ ತೆಗೆದುಕೊಂಡು ಒಂದು ವರ್ಷವೂ ಆಗಿರಲಿಲ್ಲ. ಪ್ರಪೋಸಲ್ ಫಾರ್ಮಿನಲ್ಲಿ ಆಸ್ತಮಾ ಪ್ರಶ್ನೆಗೆ ‘ಇಲ್ಲ’, ನಿತ್ಯದ ಔಷಧಿ ಪ್ರಶ್ನೆಗೂ ‘ಇಲ್ಲ’. ಇಂಥ ಫೈಲನ್ನು ಸಿಸ್ಟಮ್ ತಾನೇ ನಾನ್-ಡಿಸ್ಕ್ಲೋಷರ್, ಅಂದರೆ ಮಾಹಿತಿ ಮುಚ್ಚಿಟ್ಟವರ ಕ್ಯೂಗೆ ತಳ್ಳುತ್ತದೆ. ಅಲ್ಲಿಂದ ಪಾಲಿಸಿ ರದ್ದಾಗುವವರೆಗೆ ಹೆಚ್ಚು ದೂರ ಇರುವುದಿಲ್ಲ.

ಕ್ವೆರಿ ಹಾಕಿ ತಾಯಿಗೆ ಫೋನ್ ಮಾಡಿದೆ. ಹಿಂದೆ ಮಾನಿಟರ್ ಸದ್ದು ಕೇಳುತ್ತಿತ್ತು. “ನಾವು ಏನೂ ಮುಚ್ಚಿಟ್ಟಿಲ್ಲ ಸರ್. ಪಫ್ ಕೊಡ್ತೀವಿ ಅಂತ ಆವತ್ತೇ ಹೇಳಿದ್ದೆ” ಅಂದರು. ಫಾರ್ಮ್ ತುಂಬಿದ್ದು ಏಜೆಂಟ್, ಫೋನಿನಲ್ಲಿ. ರೆಕಾರ್ಡಿಂಗ್ ತೆಗೆಸಬೇಕಾಯಿತು. ಅದನ್ನು ತೆಗೆಯುವ ಟೂಲ್ ಬೇರೆ ಟೀಮಿನ ಕೈಲಿ. ಅವರಿಗೆ ಟಿಕೆಟ್ ಹಾಕಬೇಕು, ಅವರ ಮ್ಯಾನೇಜರ್ ಒಪ್ಪಬೇಕು. ಇತ್ತ ನನ್ನ ಪರದೆಯಲ್ಲಿ ಫೈಲ್ ಮುಗಿಸಬೇಕಾದ ಗಡುವು ತೋರಿಸುವ ಟಿಎಟಿ ಗಡಿಯಾರ ಕೆಂಪಾಗುತ್ತಿತ್ತು. ಅತ್ತ ಆಸ್ಪತ್ರೆಯವರು ಡೆಪಾಸಿಟ್ ಕಟ್ಟಿ ಎಂದು ತಂದೆಯನ್ನು ಕೌಂಟರ್ ಮುಂದೆ ನಿಲ್ಲಿಸಿದ್ದರು. ಫೈಲ್ ಮುಚ್ಚು, ನಂತರ ಬೇಕಾದರೆ ದೂರು ಕೊಡಲಿ ಎಂದು ನನ್ನ ಮೇಲಿನವರು ಎರಡು ಸಲ ಮೆಸೇಜ್ ಹಾಕಿದರು. ನಾನು ಮುಚ್ಚಲಿಲ್ಲ.

ಕೊನೆಗೂ ಆಡಿಯೋ ಬಂತು. ಏಜೆಂಟ್ ಕೇಳುತ್ತಾನೆ: “ಮಗುಗೆ ಆಸ್ತಮಾ, ಫಿಟ್ಸ್, ಹಾರ್ಟ್ ಪ್ರಾಬ್ಲಮ್ ಏನಾದ್ರೂ ಇದೆಯಾ ಮೇಡಂ?” ತಾಯಿ ಹೇಳುತ್ತಾರೆ: “ಆಸ್ತಮಾ ಅಂತ ಡಾಕ್ಟರ್ ಹೇಳಿಲ್ಲ. ವೀಸಿಂಗ್ ಬರುತ್ತೆ. ಬೆಳಿಗ್ಗೆ ರಾತ್ರಿ ಪಫ್ ಕೊಡಿ ಅಂದಿದ್ದಾರೆ.” ಅವನು: “ಅದು ಎಲ್ಲಾ ಮಕ್ಕಳಿಗೂ ಇರುತ್ತೆ ಬಿಡಿ.” ಮುಂದಿನ ಪ್ರಶ್ನೆ.

ತಾಯಿ ಹೇಳಿದ್ದರಲ್ಲಿ ಸುಳ್ಳು ಏನಿಲ್ಲ. ಐದು ವರ್ಷದೊಳಗಿನ ಮಕ್ಕಳು ಊದುವ ಪರೀಕ್ಷೆಯನ್ನು ಸರಿಯಾಗಿ ಮಾಡಲಾರರು. ನೆಗಡಿಯ ವೈರಸ್‌ನಿಂದಲೂ ಈ ವಯಸ್ಸಿನಲ್ಲಿ ಎದೆ ಗುಯ್‌ಗುಟ್ಟುತ್ತದೆ. ಹಾಗಾಗಿ ಎಷ್ಟೋ ವೈದ್ಯರು ಚೀಟಿಯಲ್ಲಿ ವೀಸಿಂಗ್ ಎಂದಷ್ಟೇ ಬರೆದು ಕಾಯುತ್ತಾರೆ. ಆದರೆ ದಿನಾ ಎರಡು ಹೊತ್ತಿನ ಬುಡೆಸೊನೈಡ್ ಅಂದರೆ ಕಂಟ್ರೋಲರ್, ಉಬ್ಬಸ ಬಾರದಂತೆ ತಡೆಯಲು ಕೊಡುವ ಔಷಧಿ. ಉಬ್ಬಸ ಬಂದಾಗ ಮಾತ್ರ ತೆಗೆದುಕೊಳ್ಳುವ ಸಾಲ್ಬುಟಮಾಲ್‌ನಂತಲ್ಲ ಅದು. ಚೀಟಿಯಲ್ಲಿ ರೋಗದ ಹೆಸರು ಇರಲಿ ಬಿಡಲಿ, ಆ ಒಂದು ಔಷಧಿ ನೋಡಿದರೆ ಅಂಡರ್‌ರೈಟರ್‌ಗೆ ವಿಷಯ ಗೊತ್ತಾಗುತ್ತದೆ. ಕ್ಲೇಮ್ ಬಂದಾಗ ನಾವೂ ಹಳೆಯ ಚೀಟಿಗಳಲ್ಲಿ ಮೊದಲು ಹುಡುಕುವುದು ಔಷಧಿಯನ್ನೇ.

ಹಾಗಾಗಿ ಪೋಷಕರಿಗೆ ನಾನು ಹೇಳುವುದು ಇಷ್ಟು: ಫಾರ್ಮ್ ರೋಗದ ಹೆಸರು ಕೇಳಿದರೂ ನೀವು ಔಷಧಿಯಿಂದ ಶುರು ಮಾಡಿ. ಹೆಸರು, ಡೋಸ್, ಯಾವತ್ತಿನಿಂದ, ದಿನಾ ಕೊಡುತ್ತೀರೋ ಬೇಕಾದಾಗಲೋ. ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಎಮರ್ಜೆನ್ಸಿಗೆ ಓಡಿದಿರಿ, ಎಷ್ಟು ಸಲ ಪ್ರೆಡ್ನಿಸೊಲೋನ್ ಸ್ಟೀರಾಯ್ಡ್ ಕೊಟ್ಟರು, ಅಡ್ಮಿಟ್ ಆಗಿದ್ದರೆ ಐಸಿಯು ಬೇಕಾಯಿತೇ. ಆಸ್ತಮಾ ಎಷ್ಟು ಹಿಡಿತದಲ್ಲಿದೆ ಎಂಬುದನ್ನು ಅಂಡರ್‌ರೈಟರ್ ಅಳೆಯುವುದು ಇದರಿಂದಲೇ. ಫಾರ್ಮಿನ ಡಬ್ಬಿಯಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ. ನಮ್ಮ ಫಾರ್ಮಿನಲ್ಲಂತೂ ಒಂದು ಸಾಲು ದಾಟಿದರೆ ಉಳಿದದ್ದು ಮೌನವಾಗಿ ಕತ್ತರಿಸಿ ಹೋಗುತ್ತದೆ. ಎಷ್ಟು ಸಲ ಹೇಳಿದರೂ ಸರಿ ಮಾಡಿಲ್ಲ. ಬೇರೆ ಹಾಳೆಯಲ್ಲಿ ಬರೆದು, ಡಾಕ್ಟರ್ ಪತ್ರದ ಜೊತೆ ಇಮೇಲ್ ಮಾಡಿ.

ಫಿಟ್ಸ್ ಇರುವ ಮಗುವಿಗೆ ಇದು ಇನ್ನೂ ಮುಖ್ಯ. ಅಂಡರ್‌ರೈಟಿಂಗ್‌ನಲ್ಲಿದ್ದಾಗ ನೋಡಿದ ಒಂದು ಫೈಲ್ ಹೇಳುತ್ತೇನೆ. ಹುಡುಗನಿಗೆ ಲೆವೆಟಿರಾಸಿಟಮ್ ಸಿರಪ್, ಮಿಲೀಗೆ 100 ಮಿಗ್ರಾಂ ಇರುವುದು. ಮೊದಲು ದಿನಕ್ಕೆ 4.5 ಮಿಲೀ, ಎರಡು ವರ್ಷದ ನಂತರ 6 ಮಿಲೀ. ಡೋಸ್ ಜಾಸ್ತಿ ಆಗಿದೆ, ಅಂದರೆ ಫಿಟ್ಸ್ ಹಿಡಿತಕ್ಕೆ ಬಂದಿಲ್ಲ ಎಂದು ಪಕ್ಕದ ಸಹೋದ್ಯೋಗಿ ತಿರಸ್ಕರಿಸಲು ಹೊರಟಿದ್ದರು. ಆದರೆ ನ್ಯೂರಾಲಜಿಸ್ಟ್ ತಮ್ಮ ಪತ್ರದಲ್ಲಿ ತೂಕವನ್ನೂ ಬರೆದಿದ್ದರು. ಆಗ 15 ಕಿಲೋ, ಈಗ 20 ಕಿಲೋ. ಲೆಕ್ಕ ಹಾಕಿದರೆ ಎರಡೂ ಸಲ ಕಿಲೋಗೆ ದಿನಕ್ಕೆ 30 ಮಿಗ್ರಾಂ. ಮಗು ಬೆಳೆದಿದೆ, ಕಾಯಿಲೆ ಬೆಳೆದಿಲ್ಲ. ಕೊನೆಯ ಫಿಟ್ಸ್ ಯಾವಾಗ ಬಂತು, ಯಾವ ಬಗೆಯದು, ಇಇಜಿ ಮತ್ತು ಎಂಆರ್‌ಐ ಏನು ಹೇಳಿದವು ಎಂಬುದೂ ಅದೇ ಪತ್ರದಲ್ಲಿತ್ತು. ಲೋಡಿಂಗ್ ಎಂಬ ಹೆಚ್ಚುವರಿ ಪ್ರೀಮಿಯಂ ಮತ್ತು ಆ ಕಾಯಿಲೆಯ ಖರ್ಚು ಸಿಗದ ಕಾಯುವ ಅವಧಿಯೊಂದಿಗೆ ಪಾಲಿಸಿ ಸಿಕ್ಕಿತು. ಬರೀ ಚೀಟಿಗಳನ್ನು ಸ್ಕ್ಯಾನ್ ಮಾಡಿ ಕಳಿಸಿದ್ದರೆ ಸಿಗುತ್ತಿರಲಿಲ್ಲ.

ಜ್ವರ ಬಂದಾಗ ಮಾತ್ರ ಒಮ್ಮೆ ಫಿಟ್ಸ್ ಬಂದಿದ್ದರೆ ಅದನ್ನೂ ಹೇಳಿ, ಆದರೆ ಹಾಗೆಂದೇ ಹೇಳಿ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಅದು ಕಾಣಿಸುತ್ತದೆ, ಅದೇ ಎಪಿಲೆಪ್ಸಿ ಅಲ್ಲ. ಪತ್ರದಲ್ಲಿ ಆ ವ್ಯತ್ಯಾಸ ಇಲ್ಲದಿದ್ದರೆ ಫಾರ್ಮ್ ನೋಡುವವರು ಎರಡನ್ನೂ ಒಂದೇ ಖಾನೆಗೆ ಹಾಕುತ್ತಾರೆ.

ಇನ್ನೊಂದು ಮಾತನ್ನು ಸಿಟ್ಟಿನಿಂದಲೇ ಬರೆಯುತ್ತೇನೆ. ಕೆಲವು ಏಜೆಂಟರು ಸ್ವಲ್ಪ ದಿನ ಔಷಧಿ ನಿಲ್ಲಿಸಿ, ಆಮೇಲೆ ಅರ್ಜಿ ಹಾಕಿ ಎನ್ನುತ್ತಾರೆ. ದಯವಿಟ್ಟು ಮಾಡಬೇಡಿ. ಫಿಟ್ಸ್ ಔಷಧಿಯನ್ನು ದಿಢೀರ್ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಕಂಟ್ರೋಲರ್ ಬಿಟ್ಟ ಮಗುವಿಗೆ ಜೋರಾದ ಅಟ್ಯಾಕ್ ಬರುವ ಸಾಧ್ಯತೆ ಹೆಚ್ಚುತ್ತದೆ. ಅಷ್ಟಾದರೂ ಲಾಭವಿಲ್ಲ, ಯಾಕಂದರೆ ಫಾರ್ಮ್ ಸಾಮಾನ್ಯವಾಗಿ ಈಗಿನದ್ದಷ್ಟೇ ಅಲ್ಲ, ಹಿಂದಿನ ಚಿಕಿತ್ಸೆಯನ್ನೂ ಕೇಳುತ್ತದೆ. ಅರ್ಜಿ ಕೊಟ್ಟ ಮೇಲೆ, ಪಾಲಿಸಿ ಬರುವ ಮೊದಲು ಡಾಕ್ಟರ್ ಔಷಧಿ ಬದಲಿಸಿದರೆ ಅದನ್ನೂ ಬರೆದು ತಿಳಿಸಿ.

ಆ ಹುಡುಗಿಯ ವಿಷಯಕ್ಕೆ ಬಂದರೆ, ರೆಕಾರ್ಡಿಂಗ್ ಇದ್ದದ್ದಕ್ಕೆ ಪಾಲಿಸಿ ರದ್ದಾಗಲಿಲ್ಲ. ಆದರೆ ಆಸ್ತಮಾವನ್ನು ಪಿಇಡಿ, ಅಂದರೆ ಪಾಲಿಸಿಗೂ ಮೊದಲೇ ಇದ್ದ ಕಾಯಿಲೆ ಎಂದು ಸೇರಿಸಿ, ಕಾಯುವ ಅವಧಿ ಮುಗಿದಿಲ್ಲ ಎಂದು ಆ ಬಿಲ್ ಕೊಡಲಿಲ್ಲ. ತಪ್ಪು ನಮ್ಮ ಏಜೆಂಟನದು, ಕಟ್ಟಿದ್ದು ತಂದೆ. ಮೀಟಿಂಗ್‌ನಲ್ಲಿ ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕಾಯುವ ಅವಧಿ ಇದೆ ಎಂದು ಮೊದಲೇ ಗೊತ್ತಿದ್ದರೆ ಅವರು ಆ ಅವಧಿ ಕಡಿಮೆ ಇರುವ ಬೇರೆ ಪ್ಲಾನ್ ಹುಡುಕಬಹುದಿತ್ತು, ಅಲ್ವಾ?

ಪಾಲಿಸಿ ಬಂದ ದಿನವೇ ಅದರ ಜೊತೆಗಿನ ಪ್ರಪೋಸಲ್ ಪ್ರತಿಯನ್ನು ತೆರೆದು ಆರೋಗ್ಯದ ಉತ್ತರಗಳನ್ನು ಓದಿ. ನೀವು ಹೇಳಿದ್ದು ಅಲ್ಲಿ ಇಲ್ಲದಿದ್ದರೆ ತಕ್ಷಣ ಇಮೇಲ್ ಮಾಡಿ ತಿದ್ದಿಸಿ. ಹಾಗೆಯೇ ದಿನನಿತ್ಯದ ಇನ್‌ಹೇಲರ್, ಸಿರಪ್ ಖರ್ಚು ಯಾರು ಕೊಡುತ್ತಾರೆ ನೋಡಿ. ಬರೀ ಆಸ್ಪತ್ರೆ ದಾಖಲಾತಿಗೆ ಇರುವ ಪಾಲಿಸಿ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ, ದಾಖಲಾತಿಯ ಹಿಂದೆ ಮುಂದೆ ಕೆಲವು ದಿನದ ಔಷಧಿ ಬಿಟ್ಟರೆ. ಹೊರರೋಗಿ ಖರ್ಚಿನ ಆಡ್-ಆನ್ ತೆಗೆದುಕೊಳ್ಳುವ ಮೊದಲು ಎರಡು ವಿಷಯ ಕೇಳಿ: ವರ್ಷದ ಮಿತಿ ಎಷ್ಟು, ಮೊದಲೇ ಇರುವ ಕಾಯಿಲೆಯ ಔಷಧಿಗೂ ಅದು ಮೊದಲ ದಿನದಿಂದಲೇ ಅನ್ವಯವೇ. ಉತ್ತರವನ್ನು ಫೋನಿನಲ್ಲಿ ಅಲ್ಲ, ಬರಹದಲ್ಲಿ ತರಿಸಿಕೊಳ್ಳಿ.