“ಕಡ್ಡಾಯವಾಗಿ ಹಾಜರಿರಬೇಕು” ಎಂದು ಬರೆದ ಸಭೆಯಲ್ಲಿ ನಡೆದದ್ದು

ಪೀಣ್ಯದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ನಾನು ಗ್ರಾಹಕರ ದೂರುಗಳನ್ನು ನೋಡಿಕೊಳ್ಳುತ್ತೇನೆ. ದೂರು ಬಂದಾಗ ಸಭೆ ಕರೆಯುವ ಹೊಣೆ ನಮ್ಮ ವಿಭಾಗದ್ದು. ಆದರೆ ಸಭೆಗೆ ಬರಬೇಕಾದ ಪ್ರೊಡಕ್ಷನ್, ಮೇಂಟೆನೆನ್ಸ್, ಸ್ಟೋರ್ಸ್ ಮತ್ತು ಡಿಸ್ಪ್ಯಾಚ್‌ನವರಲ್ಲಿ ಒಬ್ಬರೂ ನಮ್ಮ ಕೈಕೆಳಗಿನವರಲ್ಲ, ಹಲವರು ವಯಸ್ಸಿನಲ್ಲಿಯೂ ಅನುಭವದಲ್ಲಿಯೂ ನಮಗಿಂತ ಹಿರಿಯರು. ಅಧಿಕಾರವಿಲ್ಲದ ಕಡೆ ಕೆಲಸ ಕೇಳಬೇಕಾದಾಗ ನಮ್ಮ ಕೈಯಲ್ಲಿರುವುದು ನೋಟಿಸಿನ ನಾಲ್ಕು ಸಾಲು ಮಾತ್ರ. ಆ ಸಾಲುಗಳು ಕೆಟ್ಟರೆ ಸಭೆ ಹೇಗೆ ಕೆಡುತ್ತದೆ ಎಂಬುದನ್ನು ನಾನು ಬುಷ್ ಎಂಬ ಕೊಳವೆಯಾಕಾರದ ಬಿಡಿಭಾಗದ ಪ್ರಕರಣದಲ್ಲಿ ಎದುರಿಗೇ ಕುಳಿತು ನೋಡಿದ್ದೇನೆ.

ಬುಷ್‌ನ ಬೋರ್, ಎಂದರೆ ಒಳಗಿನ ರಂಧ್ರ, 16 ಮಿ.ಮೀ., ಅಳತೆಯ ಮಿತಿ ಎಚ್7. ಎಂದರೆ 16.018ರವರೆಗೆ ಒಪ್ಪಿಗೆ. ಗ್ರಾಹಕರ ಕಡೆ ಕೆಲವು ತುಂಡುಗಳು 16.024 ಅಳತೆ ತೋರಿಸಿದ್ದವು. ದೂರಿಗೆ ಕೊಡುವ 8ಡಿ ವರದಿಯ ಡಿ3 ಹಂತದ, ಎಂದರೆ ಕೆಟ್ಟ ಸರಕನ್ನು ತಕ್ಷಣ ಹೇಗೆ ತಡೆದಿದ್ದೇವೆ ಎಂಬ ಉತ್ತರವನ್ನು ಅದೇ ಸಂಜೆ ಕಳುಹಿಸಬೇಕಿತ್ತು. ಬೋರ್ ಮಾಡಿದ ಮಷಿನ್ ಸಿಎನ್‌ಸಿ-4. ನಮ್ಮ ವಿಭಾಗದಿಂದ ಹಳೆಯ ನಮೂನೆಯಲ್ಲಿ ಹೋದ ನೋಟಿಸ್ ಹೀಗಿತ್ತು:

“ವಿಷಯ: ಸಿಎನ್‌ಸಿ-4ರ ದೋಷದ ಕುರಿತು ತುರ್ತು ಸಭೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಇಂದು ಮಧ್ಯಾಹ್ನ 3 ಗಂಟೆಗೆ ಸಭೆ ಕರೆಯಲಾಗಿದೆ. ಸಂಬಂಧಪಟ್ಟ ಎಲ್ಲರೂ ಅಗತ್ಯ ದಾಖಲೆಗಳೊಂದಿಗೆ ಕಡ್ಡಾಯವಾಗಿ ಹಾಜರಿರಬೇಕೆಂದು ಸೂಚಿಸಲಾಗಿದೆ.” ಪ್ರತಿ: ಪ್ಲಾಂಟ್ ಹೆಡ್.

ಮೂರು ಗಂಟೆಗೆ ಎಲ್ಲರೂ ಬಂದರು. ಸ್ಟೋರ್ಸ್‌ನವರು ಮೂರು ತಿಂಗಳ ಫೈಲುಗಳನ್ನು ಹೊತ್ತು ತಂದಿದ್ದರು, ಏಕೆಂದರೆ ಯಾವ ದಾಖಲೆ ಅಗತ್ಯ ಎಂಬುದು ನೋಟಿಸಿನಲ್ಲಿ ಇರಲಿಲ್ಲ. ಫಸ್ಟ್ ಶಿಫ್ಟ್‌ನ ಸೂಪರ್‌ವೈಸರ್ ಕೆಲಸ ಎರಡಕ್ಕೇ ಮುಗಿದಿತ್ತು, ಕಂಪನಿ ಬಸ್ಸು ಹೋಗಿಯಾಗಿತ್ತು. ಅವರು ಗೋಡೆಗೊರಗಿ ನಿಂತೇ ಇದ್ದರು. ಮೇಂಟೆನೆನ್ಸ್‌ನ ಹಿರಿಯರು ಬರಿಗೈಯಲ್ಲಿ ಬಂದು ಕುಳಿತು, ನೋಟಿಸಿನ ಪ್ರಿಂಟ್ ಅನ್ನು ಮೇಜಿನ ಮೇಲಿಟ್ಟು ಕೇಳಿದರು: “ದೋಷ ಸಿಎನ್‌ಸಿ-4ರದ್ದು ಅಂತ ನೀವೇ ಬರೆದಿದ್ದೀರಿ ಮೇಡಂ. ತೀರ್ಮಾನ ಆಗಿರುವಾಗ ನಮ್ಮನ್ನು ಕರೆಸಿದ್ದು ಸಹಿ ಹಾಕಿಸುವುದಕ್ಕಾ?”

ಆ ಮಾತಿಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಕೋಣೆಯಲ್ಲಿ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಶುರುವಾದದ್ದು ಮಷಿನ್‌ನ ಸ್ಪಿಂಡಲ್ ರನ್‌ಔಟ್, ಎಂದರೆ ತಿರುಗುವಾಗಿನ ಓಲಾಟ, ಸರಿಯಿದೆಯೋ ಇಲ್ಲವೋ ಎಂಬ ವಾದ. ಮೇಂಟೆನೆನ್ಸ್‌ನವರು ತಮ್ಮ ಮಷಿನನ್ನೂ, ಪ್ರೊಡಕ್ಷನ್‌ನವರು ತಮ್ಮ ಆಪರೇಟರನ್ನೂ ಸಮರ್ಥಿಸಿಕೊಂಡರು. ಉತ್ತರವಿದ್ದ ಟೂಲ್ ಬದಲಾವಣೆ ರಿಜಿಸ್ಟರ್ ಮಾತ್ರ ಶಾಪ್ ಫ್ಲೋರ್‌ನಲ್ಲಿ ಮಷಿನ್ ಪಕ್ಕದಲ್ಲೇ ನೇತಾಡುತ್ತಿತ್ತು. ಅದನ್ನು ತರುವಂತೆ ಯಾರೂ ಯಾರಿಗೂ ಹೇಳಿರಲಿಲ್ಲ. ಯಾವ ಲಾಟ್‌ಗಳು ಕೆಟ್ಟಿವೆ ಎಂದು ಗುರುತಿಸಲಾಗದೆ, ಎಫ್‌ಜಿ ಎಂದು ಕರೆಯುವ ಸಿದ್ಧ ಸರಕಿನ ಇಡೀ ದಾಸ್ತಾನನ್ನು ತಡೆಹಿಡಿದು ರಾತ್ರಿಯಿಡೀ ಏರ್ ಗೇಜ್‌ನಲ್ಲಿ ಒಂದೊಂದನ್ನೂ ಅಳೆದು ನೋಡಬೇಕಾಯಿತು.

ಮರುದಿನ ರಿಜಿಸ್ಟರ್ ತೆರೆದಾಗ ಎಲ್ಲವೂ ಸ್ಪಷ್ಟವಾಯಿತು. ಟೂಲ್‌ನ ತುದಿಯಲ್ಲಿ ಲೋಹ ಕತ್ತರಿಸುವ ಇನ್ಸರ್ಟ್ ಸವೆದಂತೆ ಬೋರ್ ಕಿರಿದಾಗುತ್ತದೆ, ಅದನ್ನು ಸರಿದೂಗಿಸಲು ಆಪರೇಟರ್ ಟೂಲ್‌ನ ಸ್ಥಾನ ತಿದ್ದುವ ಅಂಕಿಯಾದ ಆಫ್‌ಸೆಟ್ ಹೆಚ್ಚಿಸುತ್ತಾ ಹೋಗುತ್ತಾರೆ. ಸೆಕೆಂಡ್ ಶಿಫ್ಟ್‌ನಲ್ಲಿ ಹೊಸ ಇನ್ಸರ್ಟ್ ಹಾಕಿದಾಗ ಹಳೆಯ ಆಫ್‌ಸೆಟ್ ಹಾಗೆಯೇ ಉಳಿದಿತ್ತು, ಮೊದಲ ತುಂಡನ್ನು ಅಳೆದು ನೋಡುವ ಫಸ್ಟ್ ಆಫ್ ತಪಾಸಣೆಯೂ ಆಗಿರಲಿಲ್ಲ. ಇನ್ಸರ್ಟ್ ಬದಲಿಸಿದ ನಮೂದಿನಿಂದ ಆಫ್‌ಸೆಟ್ ತಿದ್ದಿದ ನಮೂದಿನವರೆಗೆ ತಯಾರಾದ ತುಂಡುಗಳಲ್ಲಿ ಮಾತ್ರ ಬೋರ್ ದೊಡ್ಡದಾಗಿತ್ತು. ಎರಡು ನಮೂದುಗಳನ್ನು ಓದಿದ್ದರೆ ರಾತ್ರಿಯ ಕೆಲಸ ಬಹುಪಾಲು ತಪ್ಪುತ್ತಿತ್ತು. ಮಷಿನ್ ಸರಿಯಾಗಿಯೇ ಇತ್ತು, ಹಾಗಾಗಿ ಹಿರಿಯರ ಸಿಟ್ಟಿಗೆ ನ್ಯಾಯವೂ ಇತ್ತು.

ಇದೇ ದೂರಿನ ಮೂಲಕಾರಣ ಚರ್ಚಿಸಲು ಕರೆದ ಎರಡನೆಯ ಸಭೆಗೆ ನಮ್ಮ ವಿಭಾಗ ಪೂರ್ತಿ ಎದುರು ದಿಕ್ಕಿಗೆ ಹೋಯಿತು. “ಎಲ್ಲರಿಗೂ ಬಿಡುವಿದ್ದರೆ ನಾಳೆ ಒಮ್ಮೆ ಕುಳಿತು ಮಾತನಾಡೋಣ. ಸಾಧ್ಯವಾದರೆ ಏನಾದರೂ ಮಾಹಿತಿ ತನ್ನಿ” ಎಂದು ಬರೆಯಲಾಗಿತ್ತು. ಬಂದವರು ಇಬ್ಬರು, ಮಾಹಿತಿ ಯಾರ ಬಳಿಯೂ ಇರಲಿಲ್ಲ. ಯಾರಿಗೂ ನೋವಾಗದಂತೆ ಬರೆಯುವ ಆತುರದಲ್ಲಿ ಸಭೆಯ ಉದ್ದೇಶವೇ ಅಳಿಸಿಹೋಗಿತ್ತು. ಮೊದಲ ನೋಟಿಸ್ ಗಡುಸಾಗಿದ್ದರೂ ಏನು ಬೇಕೆಂದು ಹೇಳಿರಲಿಲ್ಲ. ಎರಡನೆಯದು ಮೃದುವಾಗಿದ್ದರೂ ಅದನ್ನು ಹೇಳಿರಲಿಲ್ಲ. ಓದುವವರ ಮೇಲೆ ದರ್ಪ ಮಾಡುವುದು ಬರೀ “ಹಾಜರಿರಬೇಕು” ಎಂಬಂಥ ಕ್ರಿಯಾಪದವಲ್ಲ, ಕಾರಣ ಕೊಡದೆ, ಮಿತಿ ಹಾಕದೆ ಕೆಲಸ ಹೇಳುವ ರೀತಿ ಎಂದು ನನಗೆ ಮನದಟ್ಟಾದದ್ದು ಈ ಎರಡನ್ನೂ ಒಟ್ಟಿಗೆ ಇಟ್ಟು ಓದಿದಾಗ.

ಆ ನಂತರ ನೋಟಿಸ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅದೇ ಬುಷ್‌ಗೆ ಇನ್ನೊಂದು ದೂರು ಬಂದಾಗ ಕಳುಹಿಸಿದ್ದನ್ನು ಇಲ್ಲಿ ಪೂರ್ತಿ ಕೊಡುತ್ತೇನೆ.

“ವಿಷಯ: 16 ಮಿ.ಮೀ. ಬುಷ್‌ನ ಬೋರ್‌ನಲ್ಲಿ ಗೀರು – ಯಾವ ಲಾಟ್ ತಡೆಹಿಡಿಯಬೇಕೆಂಬ ತೀರ್ಮಾನ, 1.30ರಿಂದ 2.00

ಕೆಲವು ಬುಷ್‌ಗಳ ಬೋರ್‌ನೊಳಗೆ ಗೀರುಗಳಿವೆ ಎಂದು ಗ್ರಾಹಕರು ತಿಳಿಸಿದ್ದಾರೆ. ಫೋಟೊ ಲಗತ್ತಿಸಿದ್ದೇನೆ. ಕಾರಣ ಇನ್ನೂ ಗೊತ್ತಾಗಿಲ್ಲ, ಇಂದು ಅದನ್ನು ಚರ್ಚಿಸುವುದೂ ಇಲ್ಲ. ಯಾವ ಲಾಟ್ ತಡೆಹಿಡಿಯಬೇಕು, ವಿಂಗಡಣೆಗೆ ಯಾರು ಹೋಗಬೇಕು ಎಂಬುದನ್ನು ನಿರ್ಧರಿಸಿ ಸಂಜೆ 5ರೊಳಗೆ ಗ್ರಾಹಕರಿಗೆ ತಿಳಿಸಬೇಕಿದೆ.

ಪ್ರೊಡಕ್ಷನ್: ಸೋಮವಾರದಿಂದ ಬುಧವಾರದವರೆಗಿನ ಟೂಲ್ ಬದಲಾವಣೆ ರಿಜಿಸ್ಟರ್ ತಂದರೆ ಲಾಟ್ ಎಲ್ಲಿಂದ ಎಲ್ಲಿಯವರೆಗೆ ಎಂದು ಅಲ್ಲೇ ಗುರುತಿಸಬಹುದು.
ಸ್ಟೋರ್ಸ್: ಇಂದಿನ ಎಫ್‌ಜಿ ದಾಸ್ತಾನು ಲಾಟ್‌ವಾರು ಬೇಕಾಗುತ್ತದೆ. ಬರೆದ ಚೀಟಿ ಸಾಕು, ಫೈಲ್ ಬೇಡ.
ಡಿಸ್ಪ್ಯಾಚ್: ದಾರಿಯಲ್ಲಿರುವ ಸರಕಿನ ಇನ್‌ವಾಯ್ಸ್ ಸಂಖ್ಯೆ ಗೊತ್ತಾದರೆ ಗ್ರಾಹಕರ ಗೇಟಿನಲ್ಲೇ ತಡೆಯಲು ಹೇಳಬಹುದು.
ಮೇಂಟೆನೆನ್ಸ್: ಏನೂ ಸಿದ್ಧಪಡಿಸಬೇಕಿಲ್ಲ. ಮಷಿನ್ ನಿಲ್ಲಿಸುವ ಪ್ರಶ್ನೆ ಬಂದರೆ ನಿಮ್ಮ ಅಭಿಪ್ರಾಯ ಬೇಕು. ಫೋನಿನಲ್ಲಿ ಸಿಕ್ಕರೂ ಆಗುತ್ತದೆ.

ಫಸ್ಟ್ ಶಿಫ್ಟ್‌ನವರ ಬಸ್ಸು ತಪ್ಪದಂತೆ 2ಕ್ಕೆ ಮುಗಿಸುತ್ತೇನೆ. ಬರಲಾಗದಿದ್ದರೆ ರಿಜಿಸ್ಟರ್ ಓದಿ ಹೇಳಬಲ್ಲವರನ್ನು ಕಳುಹಿಸಿ, 12ರೊಳಗೆ ನನಗೆ ತಿಳಿಸಿ.”

ಇದರಲ್ಲಿ “ದಯವಿಟ್ಟು” ಎಂಬ ಮಾತು ಒಂದು ಕಡೆಯೂ ಇಲ್ಲ, “ಕಳುಹಿಸಿ”, “ತಿಳಿಸಿ” ಎಂಬ ನೇರ ಮಾತುಗಳಿವೆ. ಆದರೂ ಯಾರಿಗೂ ಇದು ಒರಟೆನಿಸಲಿಲ್ಲ. ಹೆಚ್ಚಿನ ಕೋರಿಕೆಗಳ ಜೊತೆಗೆ ಅದರಿಂದ ಆಗುವ ಕೆಲಸ ಯಾವುದೆಂದು ಬರೆದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. “ರಿಜಿಸ್ಟರ್ ತರಬೇಕು” ಎಂದಾಗ ಓದುವವರು ಅಪ್ಪಣೆ ಪಾಲಿಸುವವರಾಗುತ್ತಾರೆ, “ತಂದರೆ ಅಲ್ಲೇ ಗುರುತಿಸಬಹುದು” ಎಂದಾಗ ತೀರ್ಮಾನದಲ್ಲಿ ಪಾಲುದಾರರಾಗುತ್ತಾರೆ. “ಬೇಕು” ಎಂಬುದನ್ನು ನಾನು ಬಿಟ್ಟಿಲ್ಲ, ಆದರೆ ಅದನ್ನು ವ್ಯಕ್ತಿಗೆ ಅಂಟಿಸದೆ ಸನ್ನಿವೇಶಕ್ಕೆ ಅಂಟಿಸುತ್ತೇನೆ. ಐದರೊಳಗೆ ಉತ್ತರ ಕೊಡಬೇಕಾದದ್ದು ನಾವೆಲ್ಲರೂ, ಆ ಒತ್ತಡ ಗ್ರಾಹಕರದ್ದು. ಗಡುವನ್ನು ಹೀಗೆ ಸ್ಪಷ್ಟವಾಗಿ ಬರೆದರೆ “ತುರ್ತು” ಎಂಬ ಪದದ ಅಗತ್ಯವೇ ಇರುವುದಿಲ್ಲ.

“ಸೂಚಿಸಲಾಗಿದೆ”, “ಕರೆಯಲಾಗಿದೆ” ಎಂಬ ಕಚೇರಿ ರೂಪಗಳನ್ನು ನಾನು ಪೂರ್ತಿ ಕೈಬಿಟ್ಟಿದ್ದೇನೆ. ಅವುಗಳಲ್ಲಿ ಕೇಳುತ್ತಿರುವವರು ಯಾರೆಂದೇ ತಿಳಿಯುವುದಿಲ್ಲ. ಎಲ್ಲೋ ಮೇಲಿನಿಂದ ಬಂದ ಆದೇಶದಂತೆ ಕೇಳಿಸುತ್ತದೆ, ಅನುಮಾನವಿದ್ದರೆ ಯಾರನ್ನು ಕೇಳಬೇಕೆಂಬುದೂ ಗೊತ್ತಾಗುವುದಿಲ್ಲ. “ಲಗತ್ತಿಸಿದ್ದೇನೆ”, “ಮುಗಿಸುತ್ತೇನೆ” ಎಂದು ಬರೆದಾಗ ಎದುರಿಗೆ ಒಬ್ಬರು ಇರುತ್ತಾರೆ, ಅವರೂ ಏನೋ ಹೊಣೆ ಹೊತ್ತಿದ್ದಾರೆ ಎಂಬುದು ಕಾಣುತ್ತದೆ.

ವಿಷಯದ ಸಾಲಿಗೆ ನಾನು ಅತಿ ಹೆಚ್ಚು ಸಮಯ ಕೊಡುತ್ತೇನೆ. ಶಾಪ್ ಫ್ಲೋರ್‌ನವರು ಇನ್ವೈಟ್ ನೋಡುವುದು ಮೊಬೈಲಿನಲ್ಲಿ, ನೋಟಿಫಿಕೇಶನ್‌ನಲ್ಲಿ ಕಾಣುವುದು ಬಹುತೇಕ ಆ ಒಂದೇ ಸಾಲು. ಅಲ್ಲಿ ಮಷಿನ್ ಸಂಖ್ಯೆಯನ್ನೋ ವಿಭಾಗದ ಹೆಸರನ್ನೋ ದೋಷದ ಜೊತೆ ಸೇರಿಸಿದರೆ ಸಭೆಗೆ ಮೊದಲೇ ತೀರ್ಪು ಕೊಟ್ಟಂತಾಗುತ್ತದೆ. ತುಂಡಿನಲ್ಲಿ ಕಂಡದ್ದು ಏನು, ನಿರ್ಧರಿಸಬೇಕಾದ ಪ್ರಶ್ನೆ ಯಾವುದು ಎಂಬುದಷ್ಟೇ ಅಲ್ಲಿ ಇರಬೇಕು. ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಲು ಆಗದಿದ್ದರೆ, ಸಭೆಗೆ ಇನ್ನೂ ಕಾಲ ಬಂದಿಲ್ಲ ಎಂದೇ ನನ್ನ ಅನುಭವ. ಆಗ ಇಬ್ಬರಿಗೆ ಫೋನ್ ಮಾಡಿದರೆ ಕೆಲಸ ಮುಗಿಯುತ್ತದೆ.

ಪ್ಲಾಂಟ್ ಹೆಡ್‌ಗೆ ಪ್ರತಿ ಹಾಕುವ ಅಭ್ಯಾಸದ ಬಗ್ಗೆ ನನಗೆ ಗಟ್ಟಿಯಾದ ಆಕ್ಷೇಪವಿದೆ. ಮಾತು ಎಷ್ಟೇ ಸೌಮ್ಯವಾಗಿದ್ದರೂ ಆ ಹೆಸರು ಕಂಡೊಡನೆ ನೋಟಿಸ್ ಎಚ್ಚರಿಕೆಯ ಪತ್ರವಾಗುತ್ತದೆ. ಜನ ಬರುವಾಗ ಮಾಹಿತಿಯ ಬದಲು ರಕ್ಷಣೆ ತರುತ್ತಾರೆ, ಮೂರು ತಿಂಗಳ ಫೈಲುಗಳು ಬಂದದ್ದಕ್ಕೆ ಇದೂ ಒಂದು ಕಾರಣ. ಪ್ಲಾಂಟ್ ಹೆಡ್‌ಗೆ ತಿಳಿಯಬೇಕಾದದ್ದನ್ನು ಸಭೆಯ ನಂತರ ತೀರ್ಮಾನದ ರೂಪದಲ್ಲಿ ಕಳುಹಿಸುತ್ತೇನೆ. ಒಬ್ಬರು ಮತ್ತೆ ಮತ್ತೆ ಬರದಿದ್ದರೆ ಅದನ್ನು ಅವರ ಜಾಗಕ್ಕೇ ಹೋಗಿ ಮಾತನಾಡಿ ಸರಿಪಡಿಸಿಕೊಳ್ಳಬೇಕು. ಎಲ್ಲರಿಗೂ ಹೋಗುವ ನೋಟಿಸಿನಲ್ಲಿ “ಕಡ್ಡಾಯ” ಎಂದು ಬರೆದು ಒಬ್ಬರಿಗೆ ತಾಗಿಸುವುದು ತಪ್ಪದೆ ಬರುವವರಿಗೆ ಮಾಡುವ ಅನ್ಯಾಯ.

ಗೀರಿನ ದೂರಿನ ಸಭೆ ಎರಡಕ್ಕೆ ಮೊದಲೇ ಮುಗಿಯಿತು. ರಿಜಿಸ್ಟರ್ ಬಂದಿತ್ತು, ಲಾಟ್‌ನ ಗಡಿ ಸಿಕ್ಕಿತು. ಏನೂ ತರಬೇಕಿಲ್ಲವೆಂದು ಬರೆದಿದ್ದರೂ ಮೇಂಟೆನೆನ್ಸ್‌ನ ಹಿರಿಯರು ಕೂಲೆಂಟ್ ಫಿಲ್ಟರ್ ಬದಲಿಸಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ತಂದಿದ್ದರು. ಮುಂದೆ ಕಾರಣ ಹುಡುಕುವಾಗ ನಾವು ಮೊದಲು ನೋಡಿದ್ದು ಅದನ್ನೇ.

ಹಳೆಯ ನಮೂನೆ ಮಾತ್ರ ಇನ್ನೂ ಸಿಸ್ಟಮ್‌ನಲ್ಲಿ ಫಾರ್ಮ್ಯಾಟ್ ಸಂಖ್ಯೆಯ ಸಹಿತ ಉಳಿದಿದೆ, ಹೊಸದಾಗಿ ಸೇರಿದವರು ಅದನ್ನೇ ತೆರೆದು ತುಂಬುತ್ತಾರೆ. ಅದನ್ನು ಬದಲಿಸಲು ಕೊಟ್ಟ ಡಾಕ್ಯುಮೆಂಟ್ ಚೇಂಜ್ ರಿಕ್ವೆಸ್ಟ್ ಮುಂದಿನ ಆಡಿಟ್ ನಂತರ ನೋಡೋಣವೆಂಬ ಷರಾದೊಂದಿಗೆ ನಿಂತಿದೆ. “ಅಗತ್ಯ ದಾಖಲೆಗಳೊಂದಿಗೆ ಕಡ್ಡಾಯವಾಗಿ” ಎಂಬ ಸಾಲನ್ನು ತೆಗೆದು, ನಿರ್ಧರಿಸಬೇಕಾದ ಪ್ರಶ್ನೆ, ಯಾರು ಏನನ್ನು ಯಾವ ಕಾರಣಕ್ಕೆ ತರಬೇಕು, ಸಭೆ ಮುಗಿಯುವ ಸಮಯ, ಈ ಮೂರಕ್ಕೆ ಜಾಗ ಕೊಡಿ ಎಂದು ಅದರಲ್ಲಿ ಕೇಳಿದ್ದೇನೆ.